ಕೆರಳುವ ಕರುಳಿಗೊಂದು ಡೈರಿ

ಊಟವಾದ ಕೂಡಲೇ ಹೊಟ್ಟೆ ನುಲಿತ, ಶೌಚಕ್ಕೆ ಓಡುವ ಅವಸರ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಸಂಜೆಯಾದರೆ ಹೊಟ್ಟೆಯುಬ್ಬರ. ಆದರೆ ರಕ್ತಪರೀಕ್ಷೆ, ಮಲಪರೀಕ್ಷೆ, ಸ್ಕ್ಯಾನಿಂಗ್ ಎಲ್ಲದರಲ್ಲೂ ‘ನಾರ್ಮಲ್’ ಎಂದೇ ವರದಿ. ತಿಂಗಳುಗಟ್ಟಲೆ ಹೀಗೇ ನಡೆದಿದ್ದರೆ ಅದು ‘ಇರಿಟಬಲ್ ಬವೆಲ್ ಸಿಂಡ್ರೋಮ್’, ಅಂದರೆ ಐ.ಬಿ.ಎಸ್. ಇರಬಹುದು.

ಈ ತೊಂದರೆಯಲ್ಲಿ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಕರುಳಿನ ಚಲನೆ ಏರುಪೇರಾಗಿರುತ್ತದೆ, ಅದರ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ಇವರಿಗೆ ನೋವಾಗಿ ಕಾಡುತ್ತದೆ. ಯಾವ ಆಹಾರ ಒಗ್ಗದು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದನ್ನು ಕಂಡುಹಿಡಿಯಲು ಒಂದು ನೋಟ್ ಪುಸ್ತಕ ಸಾಕು.

ನನ್ನಲ್ಲಿಗೆ ಬಂದಿದ್ದ 36 ವರ್ಷದ ಬ್ಯಾಂಕ್ ಉದ್ಯೋಗಿಯೊಬ್ಬರ ಉದಾಹರಣೆ ನೋಡಿ. ಬೆಳಿಗ್ಗೆ ಇಡ್ಲಿ ತಿಂದ ಇಪ್ಪತ್ತು ನಿಮಿಷಕ್ಕೆ ಶೌಚಕ್ಕೆ ಅವಸರವಾಗುತ್ತದೆಂದು ಇಡ್ಲಿ ಬಿಟ್ಟಿದ್ದರು. ಸಂಜೆ ನಾಲ್ಕೂವರೆಗೆ ಹೊಟ್ಟೆ ಉಬ್ಬುತ್ತದೆಂದು, ಮೂರೂವರೆಯ ಕಾಫಿಯನ್ನೂ ಬಿಡಬೇಕೆಂದಿದ್ದರು. ‘ಸದ್ಯಕ್ಕೆ ಏನನ್ನೂ ಬಿಡಬೇಡಿ, ಎರಡು ವಾರ ಎಂದಿನಂತೆ ತಿಂದು ಬರೆದಿಡಿ’ ಎಂದೆ.

ಪುಟದಲ್ಲಿ ನಾಲ್ಕು ಕಾಲಂ ಹಾಕಿಸಿದೆ. ಮೊದಲನೆಯದರಲ್ಲಿ ತಿಂದ ಹೊತ್ತು, ಪದಾರ್ಥ ಮತ್ತು ಪ್ರಮಾಣ. ‘ಸಾರು ಅನ್ನ’ ಎಂದರೆ ಸಾಲದು, ಯಾವ ಸಾರು, ಎಷ್ಟು ಎಂದು ಬರೆಯಬೇಕು. ಎರಡನೆಯದರಲ್ಲಿ ತೊಂದರೆ ಶುರುವಾದ ಹೊತ್ತು ಮತ್ತು ಸೊನ್ನೆಯಿಂದ ಹತ್ತರೊಳಗೆ ಅದಕ್ಕೊಂದು ಅಂಕ. ಮೂರನೆಯದರಲ್ಲಿ ಮಲ ಗಟ್ಟಿಯೋ, ಮೆತ್ತಗೋ, ನೀರೋ ಎಂಬುದು. ನಾಲ್ಕನೆಯದರಲ್ಲಿ ನಿದ್ರೆ, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು, ತೆಗೆದುಕೊಂಡ ಮಾತ್ರೆ. ಆಗಿಂದಾಗಲೇ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆದರೆ ನೋವಾದ ದಿನದ ತಿಂಡಿ ಮಾತ್ರ ನೆನಪಿಗೆ ಬರುತ್ತದೆ.

ಎರಡು ವಾರದ ನಂತರ ಪುಸ್ತಕ ತೆರೆದಾಗ ಇಡ್ಲಿಯ ಮೇಲಿನ ಆರೋಪ ಬಿದ್ದುಹೋಯಿತು. ಉಪ್ಪಿಟ್ಟು ತಿಂದರೂ ಚಪಾತಿ ತಿಂದರೂ ಅದೇ ಅವಸರ. ಜಠರಕ್ಕೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಮಿಸುಕಾಡುವುದು ಎಲ್ಲರಲ್ಲೂ ಸಹಜ, ಐ.ಬಿ.ಎಸ್. ಇರುವವರಲ್ಲಿ ಅದು ಜೋರಾಗಿರುತ್ತದೆ. ಆಗ ಹೊರಗೆ ಹೋಗುವುದು ಹಿಂದಿನ ಊಟದ್ದೇ ಹೊರತು ಈಗ ತಿಂದದ್ದಲ್ಲ.

ಕಾಫಿಯನ್ನು ಹದಿನಾಲ್ಕು ದಿನವೂ ಕುಡಿದಿದ್ದರು, ಆದರೆ ಉಬ್ಬರ ಬಂದದ್ದು ಆರು ದಿನ ಮಾತ್ರ. ಆ ಆರರಲ್ಲಿ ಐದು ದಿನ ಮಧ್ಯಾಹ್ನದ ಡಬ್ಬಿಯಲ್ಲಿ ಅವರೆಕಾಳು, ಅಲಸಂದೆ ಅಥವಾ ಕಡಲೆಕಾಳು ಇತ್ತು. ಉಳಿದೊಂದು ದಿನ ಲೆಕ್ಕಪತ್ರದ ಗಡಿಬಿಡಿ, ಹಿಂದಿನ ರಾತ್ರಿ ನಾಲ್ಕೇ ಗಂಟೆ ನಿದ್ರೆ. ಕಾಳು ತಿನ್ನದ ಮಿಕ್ಕ ಎಂಟು ದಿನ ಹೊಟ್ಟೆ ಹಗುರ. ಕಾಳುಗಳಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣ ಕರುಳು ಅರಗಿಸಲಾರದು. ಅವು ಕೆಲವು ಗಂಟೆಗಳ ನಂತರ ದೊಡ್ಡ ಕರುಳು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ವಾಯು ಮಾಡುತ್ತವೆ. ಆದ್ದರಿಂದ ತೊಂದರೆ ಬಂದಾಗ ಕೊನೆಗೆ ತಿಂದದ್ದನ್ನಷ್ಟೇ ದೂರದೆ, ಹಿಂದಿನ ಊಟಗಳತ್ತಲೂ ನೋಡಿ.

ಡೈರಿ ತೋರಿಸುವುದು ಅನುಮಾನವನ್ನು ಮಾತ್ರ, ಅದನ್ನು ಪರೀಕ್ಷಿಸಬೇಕು. ಮೂರು ವಾರ ಕಾಳುಗಳನ್ನು ಮಾತ್ರ ನಿಲ್ಲಿಸಿದರು, ಬೇರೇನನ್ನೂ ಬದಲಿಸಲಿಲ್ಲ. ಉಬ್ಬರ ಬಂದದ್ದು ಎರಡೇ ದಿನ. ಅನಂತರ ಹೊಟ್ಟೆ ಚೆನ್ನಾಗಿದ್ದಾಗ ಬೇಯಿಸಿದ ಅವರೆಕಾಳನ್ನು ಮೊದಲ ದಿನ ಕಾಲು ಬಟ್ಟಲು, ಮರುದಿನ ಅರ್ಧ, ಮೂರನೆಯ ದಿನ ಒಂದು ಬಟ್ಟಲು ತಿಂದರು. ಕಾಲು ಬಟ್ಟಲಿಗೆ ಏನೂ ಆಗಲಿಲ್ಲ. ಅರ್ಧಕ್ಕೆ ಎರಡು ಅಂಕದ ಉಬ್ಬರ, ಪೂರ್ತಿ ಬಟ್ಟಲಿಗೆ ಆರು ಅಂಕದ ನೋವು. ಅಂದರೆ ಅವರು ಅವರೆಕಾಳನ್ನು ಬಿಡಬೇಕಿಲ್ಲ, ಅಳತೆ ತಿಳಿದರೆ ಸಾಕು. ಇಡ್ಲಿ, ಕಾಫಿ ಎರಡೂ ಮನೆಗೆ ಮರಳಿದವು.

ನಿಮ್ಮ ಡೈರಿಯಲ್ಲಿ ಹಾಲೋ, ಈರುಳ್ಳಿಯೋ, ಗೋಧಿಯೋ ಕಾಣಬಹುದು. ಒಮ್ಮೆಗೆ ಒಂದನ್ನೇ ಬಿಟ್ಟು ನೋಡಿ. ಬಿಟ್ಟರೂ ವ್ಯತ್ಯಾಸವಾಗದಿದ್ದರೆ ಅದನ್ನು ಮತ್ತೆ ತಿನ್ನಿ. ಹೆದರಿ ಒಂದೊಂದಾಗಿ ಬಿಡುತ್ತಾ ಹೋದವರು ಸೊರಗುತ್ತಾರೆ. ಯಾವ ಆಹಾರಕ್ಕೂ ಹೊಂದಿಕೆಯಾಗದೆ, ನಿದ್ರೆಗೆಟ್ಟ ದಿನಗಳೇ ಎದ್ದು ಕಂಡರೆ ಅದೂ ಒಂದು ಉತ್ತರವೇ.

ಆದರೆ ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ಭೇದಿ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಯಾವುದೊಂದಿದ್ದರೂ ಡೈರಿ ಬರೆಯುತ್ತಾ ಕೂರಬೇಡಿ. ಮೊದಲು ನಿಮ್ಮ ವೈದ್ಯರನ್ನು ಕಾಣಿರಿ.