ಸಕ್ಕರೆಯ ವರದಿಯಲ್ಲಿ ಮೊದಲು ನೋಡಬೇಕಾದುದು

ಯಲಹಂಕ, ಹೆಬ್ಬಾಳ ಭಾಗದ ಅನೇಕ ಹಿರಿಯರು ಮಕ್ಕಳ ಮನೆಗೆಂದು ಲಂಡನ್ನಿಗೋ ಸಿಡ್ನಿಗೋ ಹೋಗಿ ಕೆಲವು ತಿಂಗಳು ಇದ್ದು ಬರುವುದುಂಟು. ಅಲ್ಲಿಯ ರಕ್ತಪರೀಕ್ಷೆಯ ವರದಿಯನ್ನು ಅವರು ತಂದು ತೋರಿಸಿದಾಗ ಒಂದು ಗೊಂದಲವನ್ನು ನಾವು ಕಾಣುತ್ತೇವೆ. ಇಲ್ಲಿ ಬರಿಹೊಟ್ಟೆಯ ಸಕ್ಕರೆ 162 ಇದ್ದವರಿಗೆ ಅಲ್ಲಿ 9 ಎಂದು ಬಂದಿದೆ ಎನ್ನೋಣ. ಸಕ್ಕರೆ ಇಳಿಯಿತೆಂದು ಭಾವಿಸಿ ಮಾತ್ರೆ ನಿಲ್ಲಿಸಿದರೆ ಅಪಾಯ. ಏಕೆಂದರೆ ಇವೆರಡೂ ಒಂದೇ ಪ್ರಮಾಣ.

ನಮ್ಮ ಪ್ರಯೋಗಾಲಯಗಳು ಬಳಸುವ ಮಾನ mg/dL. ನೂರು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆಯಿದೆ ಎಂಬ ತೂಕವನ್ನು ಅದು ಹೇಳುತ್ತದೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬಳಸುವ mmol/L, ಒಂದು ಲೀಟರಿನಲ್ಲಿರುವ ಸಕ್ಕರೆಯ ಅಣುಗಳ ಎಣಿಕೆಯನ್ನು ಹೇಳುತ್ತದೆ. ಗ್ಲೂಕೋಸಿನ ಒಂದು ಮಿಲಿಮೋಲ್ 180 ಮಿಲಿಗ್ರಾಂ ತೂಗುತ್ತದೆ. ಲೀಟರಿಗೆ 180 ಎಂದರೆ ನೂರು ಮಿಲಿಲೀಟರಿಗೆ 18. ಆದುದರಿಂದ ಅಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ದೊರೆಯುತ್ತದೆ: 9 × 18 = 162.

ಎರಡು ಗಡಿಗಳು ನೆನಪಿನಲ್ಲಿದ್ದರೆ ಸಾಕು. ಬರಿಹೊಟ್ಟೆಯಲ್ಲಿ 126, ಅಂದರೆ ಅಲ್ಲಿಯ 7.0, ಮಧುಮೇಹದ ಗಡಿ. 70, ಅಂದರೆ 3.9, ಅದಕ್ಕಿಂತ ಕೆಳಗಿಳಿದರೆ ಸಕ್ಕರೆಯ ಕುಸಿತ.

HbA1c ಎಂಬುದು ಬೇರೆಯೇ ಪರೀಕ್ಷೆ. ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಅದು ನಮ್ಮಲ್ಲಿ ಶೇಕಡಾದಲ್ಲಿ ಬರುತ್ತದೆ. ಅಲ್ಲಿಯೂ 9 ಎಂಬ ಅಂಕಿ ಬರಬಹುದು. ಅದಕ್ಕೆ 18ರ ಲೆಕ್ಕ ಸಲ್ಲದು.

ವಿದೇಶದಿಂದ ಮಕ್ಕಳು ಕಳುಹಿಸಿದ ಗ್ಲೂಕೋಮೀಟರಿನ ಪರದೆಯಲ್ಲಿಯೂ ಅಂಕಿಯ ಪಕ್ಕದ ಮಾನವನ್ನು ನೋಡಿ, ಅಂಕಿಯೊಡನೆ ಅದನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸತಕ್ಕದ್ದು.