ಅಧ್ಯಯನ ಪಾಠ: ಬೆಟ್ಟದ ದಾರಿಯ ಕಸವನ್ನು ಬುಡಕ್ಕೇ ಮರಳಿ ತರುವ ಠೇವಣಿ ಪದ್ಧತಿ

ಕೋಲಾರದ ಅಂತರಗಂಗೆ, ಮುಳಬಾಗಿಲು ತಾಲ್ಲೂಕಿನ ಆವಣಿ ಮೊದಲಾದ ಬೆಟ್ಟದ ಕ್ಷೇತ್ರಗಳಿಗೆ ಭಕ್ತರೂ ಚಾರಣಿಗರೂ ಬರುತ್ತಾರೆ. ಕಸದ ವಾಹನ ಬುಡದವರೆಗೆ ಮಾತ್ರ ಹೋಗಬಲ್ಲದು. ಮೆಟ್ಟಿಲುಗಳ ಬದಿಯಲ್ಲಿ ಬುಟ್ಟಿ ಇರಿಸಿದರೆ ಅದನ್ನು ಪ್ರತಿದಿನ ಹೊತ್ತು ಇಳಿಸಬೇಕಾಗುತ್ತದೆ. ಒಂದು ದಿನ ತಪ್ಪಿದರೂ ಮಂಗಗಳು ಅದನ್ನು ಉರುಳಿಸಿ ಕಸವನ್ನು ಬಂಡೆಗಳ ನಡುವೆ ಹರಡುತ್ತವೆ. ಆದುದರಿಂದ ಇಂತಹ ಕಡೆ ಬುಟ್ಟಿಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ, ಒಯ್ದ ವಸ್ತುವನ್ನು ಒಯ್ದವರೇ ಮರಳಿ ತರುವಂತೆ ಮಾಡುವುದು ಸೂಕ್ತ.

ಪದ್ಧತಿಯ ಕ್ರಮ

ಕೇದಾರನಾಥದಲ್ಲಿ 2022ರಲ್ಲಿ ಪ್ಲಾಸ್ಟಿಕ್ ಬಾಟಲಿಗೆ 10 ರೂಪಾಯಿ ಠೇವಣಿ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಆ ಹಣವನ್ನು ಹಿಂದಿರುಗಿಸುವ ವ್ಯವಸ್ಥೆ ಆರಂಭವಾಯಿತು. ಗ್ರಾಮ ಪಂಚಾಯಿತಿಯು ಇದನ್ನು ಸರಳ ರೂಪದಲ್ಲಿ ಅನುಸರಿಸಬಹುದು. ದೇವಸ್ಥಾನ ಹಾಗೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ದಾರಿಯ ಬುಡದಲ್ಲಿ ಒಂದು ಮೇಜು ಹಾಕಿ, ಸ್ವಸಹಾಯ ಸಂಘದ ಇಬ್ಬರು ಸದಸ್ಯೆಯರನ್ನು ನಿಯೋಜಿಸಬೇಕು. ಪ್ರತಿ ಬಾಟಲಿಗೂ ಕ್ರಮಸಂಖ್ಯೆಯ ಚೀಟಿ ಅಂಟಿಸಿ ಠೇವಣಿ ಪಡೆಯಬೇಕು. ತಣ್ಣನೆಯ ಬಾಟಲಿ ಬೆವರಿ ಚೀಟಿ ಕಳಚುವುದರಿಂದ, ಮೊದಲು ಬಟ್ಟೆಯಿಂದ ಒರೆಸಬೇಕು. ಬಾಟಲಿಗೆ ಅಂಟಿರುವ ಚೀಟಿಗೆ ಮಾತ್ರ ಹಣ ಮರಳಿಸಬೇಕು. ಇಲ್ಲವಾದರೆ ಚೀಟಿಯಷ್ಟೇ ಕೆಳಗೆ ಬಂದು ಬಾಟಲಿ ಮೇಲೆಯೇ ಉಳಿಯುತ್ತದೆ. ಯಾರೋ ಎಸೆದ ಬಾಟಲಿಯನ್ನು ಬೇರೊಬ್ಬರು ತಂದರೂ ಹಣ ಕೊಡಬೇಕು.

ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಅವುಗಳನ್ನು ಆಯುವವರೂ ಇಲ್ಲ. ಅವುಗಳ ತಿಂಡಿಯನ್ನು ಬುಡದಲ್ಲಿಯೇ ಕಾಗದದ ಪೊಟ್ಟಣಕ್ಕೆ ಬದಲಾಯಿಸಿ, ಖಾಲಿ ಹೊದಿಕೆಯನ್ನು ಅಲ್ಲಿಯೇ ಇರಿಸಿಕೊಳ್ಳುವುದು ಸುಲಭ.

ಒಂದು ಲೆಕ್ಕ

ಒಂದು ಭಾನುವಾರ 250 ಬಾಟಲಿಗಳಿಗೆ ಚೀಟಿ ಅಂಟಿಸಿ, ಸಂಜೆಗೆ 215 ಮರಳಿದವು ಎಂದು ಭಾವಿಸೋಣ. ಬೆಟ್ಟದಲ್ಲಿ ಉಳಿದವು 35, ಅಂದರೆ ನೂರಕ್ಕೆ 14. ಮರಳಿಸದ 350 ರೂಪಾಯಿಯನ್ನು ದಾರಿಯ ಕಸ ಆಯುವವರ ಕೂಲಿಗೆ ಸೇರಿಸಬಹುದು. ಮರಳಿದ ಬಾಟಲಿಗಳನ್ನು ಒತ್ತಿ ಚಪ್ಪಟೆ ಮಾಡಿ ಸ್ವಚ್ಛ ಸಂಕೀರ್ಣಕ್ಕೆ ಕಳುಹಿಸಬೇಕು; ಹಾಗೆಯೇ ತುಂಬಿದರೆ ವಾಹನವು ತೂಕಕ್ಕೆ ಮೊದಲೇ ಗಾತ್ರದಿಂದ ತುಂಬಿಹೋಗುತ್ತದೆ.

ದೋಷವನ್ನು ಗುರುತಿಸುವುದು

ವಾರಕ್ಕೊಮ್ಮೆ ದಾರಿಯಲ್ಲಿ ಆಯ್ದ ಬಾಟಲಿಗಳನ್ನು ಪರಿಶೀಲಿಸಬೇಕು. ಚೀಟಿಯಿಲ್ಲದವು ಹೆಚ್ಚಾಗಿದ್ದರೆ, ಮೇಲಿನ ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರಾಟವಾಗುತ್ತಿದೆ, ಇಲ್ಲವೇ ಮೇಜು ತೆರೆಯುವ ಮುನ್ನವೇ ಚಾರಣಿಗರು ಹತ್ತುತ್ತಿದ್ದಾರೆ ಎಂದು ತಿಳಿಯಬೇಕು. ಚೀಟಿಯಿರುವವು ಹೆಚ್ಚಾಗಿದ್ದರೆ ಠೇವಣಿ ಸಾಲದು, ಅಥವಾ ಹಣ ಮರಳಿಸುವ ಮೇಜು ಸಂಜೆ ಬೇಗನೆ ಮುಚ್ಚುತ್ತಿದೆ.

ಮಿತಿ

ಹಲವು ದಾರಿಗಳಿಂದ ಜನ ಸೇರುವ ಜಾತ್ರೆಯಲ್ಲಿ ಈ ಪದ್ಧತಿ ನಡೆಯದು. ಅಲ್ಲಿ ಅಂಗಡಿ ಪರವಾನಗಿಯ ಷರತ್ತಿನಲ್ಲಿಯೇ ಕಸ ಮರಳಿ ಪಡೆಯುವ ಹೊಣೆಯನ್ನು ಸೇರಿಸಬೇಕು.

ಚರ್ಚೆಗೆ

1. ತಮ್ಮ ವ್ಯಾಪ್ತಿಯ ಕ್ಷೇತ್ರಕ್ಕೆ ಎಷ್ಟು ದಾರಿಗಳಿವೆ?
2. ಮೇಜು ಯಾವ ಹೊತ್ತಿಗೆ ತೆರೆದು, ಯಾವ ಹೊತ್ತಿಗೆ ಮುಚ್ಚಬೇಕು?