ಮಗುವಿನ ರಜೆ ಅರ್ಜಿ: ಡಾಕ್ಟರ ಚೀಟಿ ಹೇಳಿದ್ದನ್ನೇ ಕನ್ನಡದಲ್ಲಿ ಬರೆಯುವುದು



ಮಗುವಿಗೆ ಜಡ್ಡು ಆದಾಗ ನಾವು ಸಾಮಾನ್ಯವಾಗಿ ಪಕ್ಕದ ಮನೆಯ ಹುಡುಗನ ಕೈಲಿ ಸಾಲಿಗೆ ಹೇಳಿ ಕಳಿಸುತ್ತೇವೆ: "ಅಕ್ಕೋರಿಗೆ ಹೇಳಪಾ, ಆಕೀಗೆ ಆರಾಮಿಲ್ಲ." ಒಂದು ದಿನದ ನೆಗಡಿ, ಜ್ವರಕ್ಕೆ ಇಷ್ಟು ಸಾಕು. ಆದರೆ ಡಾಕ್ಟರು ಒಂದು ವಾರ ಮನೆಯಲ್ಲೇ ಇರಬೇಕೆಂದು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟಾಗ ಬಾಯಿಮಾತು ಸಾಲದು. ಆ ಚೀಟಿಯಲ್ಲಿ ಇರುವುದನ್ನು ಕನ್ನಡದಲ್ಲಿ ಬರೆದು ಕ್ಲಾಸ್ ಟೀಚರಿಗೆ ಮುಟ್ಟಿಸಬೇಕು. ಅದು ಹೇಗೆ ಎಂಬುದನ್ನು ಈ ಪಾಠದಲ್ಲಿ ಒಂದು ಉದಾಹರಣೆ ಹಿಡಿದು ನೋಡೋಣ.

ಕುಂದಗೋಳ ತಾಲೂಕಿನ ಒಂದು ಹಳ್ಳಿ ಎಂದುಕೊಳ್ಳಿ. ನಮ್ಮಂಥ ಒಬ್ಬ ಸದಸ್ಯೆಯ ಮಗಳು ನಾಲ್ಕನೇ ತರಗತಿ. 2025ರ ಫೆಬ್ರುವರಿ 1, ಶನಿವಾರ ಸಾಲಿಗೆ ಹೋಗಿ ಬಂದಳು. ಭಾನುವಾರ ರಾತ್ರಿ ಜ್ವರ ಬಂತು. ಸೋಮವಾರ, ಅಂದರೆ 3ನೇ ತಾರೀಖು, ಎದೆ ಬೆನ್ನಿನ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆ ಎದ್ದವು. ಮಂಗಳವಾರ 4ಕ್ಕೆ ತಾಯಿ ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋದಳು.

ಚೀಟಿಯನ್ನು ಅಲ್ಲಿಯೇ ಓದಿಸಿಕೊಳ್ಳಿ

ಚೀಟಿ ತೆಗೆದುಕೊಂಡು ಹಾಗೇ ಬಸ್ಸು ಹತ್ತಬೇಡಿ. ಡಾಕ್ಟರ ಅಕ್ಷರ ಊರಿಗೆ ಬಂದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಡಾಕ್ಟರನ್ನೋ, ನರ್ಸ್ ಅವರನ್ನೋ ಕೇಳಿ: "ಸರ್, ಸಾಲಿಗೆ ಬರೀಬೇಕ್ರಿ. ಏನ್ ಜಡ್ಡು, ಎಷ್ಟು ದಿವ್ಸ ಅಂತ ಒಂದ್ಸಲ ಓದಿ ಹೇಳ್ರಿ." ಅವರು ಓದಿದ್ದನ್ನು ಕೇಳಿಸಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಅರ್ಥ ಆಮೇಲೆ ನೋಡಬಹುದು. ನಮ್ಮ ಉದಾಹರಣೆಯ ತಾಯಿ ಬರೆದುಕೊಂಡದ್ದು ಹೀಗಿತ್ತು:

"ಫೀವರ್ ಟೂ ಡೇಸ್, ರ‍್ಯಾಶ್ ಒನ್ ಡೇ. ಡಯಾಗ್ನೋಸಿಸ್ ಚಿಕನ್ ಪಾಕ್ಸ್. ಅಡ್ವೈಸ್ಡ್ ರೆಸ್ಟ್ ಫಾರ್ ಸೆವೆನ್ ಡೇಸ್ ಫ್ರಮ್ 04-02-2025. ನಾಟ್ ಟು ಅಟೆಂಡ್ ಸ್ಕೂಲ್ ಟಿಲ್ ಆಲ್ ಲೀಜನ್ಸ್ ಆರ್ ಕ್ರಸ್ಟೆಡ್. ರಿವ್ಯೂ ಆಫ್ಟರ್ ತ್ರೀ ಡೇಸ್."

ಇದರ ಕೆಳಗೆ ಔಷಧದ ಸಾಲುಗಳಿದ್ದವು. ಅವು ಮೆಡಿಕಲ್ ಅಂಗಡಿಯವರಿಗೆ ಮತ್ತು ತಾಯಿಗೆ ಬೇಕಾದವು. ಸಾಲಿಯ ವೇಳೆಯಲ್ಲಿ ಕೊಡುವ ಔಷಧ ಇಲ್ಲದಿದ್ದರೆ ಅರ್ಜಿಯಲ್ಲಿ ಅದನ್ನು ಬರೆಯುವುದು ಬೇಡ.

ಒಂದೊಂದೇ ಸಾಲಿನ ಅರ್ಥ

"ಫೀವರ್ ಟೂ ಡೇಸ್, ರ‍್ಯಾಶ್ ಒನ್ ಡೇ" ಎಂದರೆ ಎರಡು ದಿನದಿಂದ ಜ್ವರ, ಒಂದು ದಿನದಿಂದ ಮೈಮೇಲೆ ಗುಳ್ಳೆ. ಇದು ನಾವು ಹೇಳಿದ್ದನ್ನು ಕೇಳಿ ಡಾಕ್ಟರು ಬರೆದದ್ದು.

"ಡಯಾಗ್ನೋಸಿಸ್" ಎಂದರೆ ಪರೀಕ್ಷಿಸಿ ಡಾಕ್ಟರು ಗುರುತಿಸಿದ ರೋಗ. ಜಡ್ಡಿನ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಇದೆಯೇ ಎಂದು ಕಣ್ಣಿಟ್ಟು ನೋಡಿ. ಚಿಹ್ನೆ ಇದ್ದರೆ ಡಾಕ್ಟರಿಗೆ ಸಂಶಯ ಇದೆ, ಇನ್ನೂ ಖಾತ್ರಿ ಆಗಿಲ್ಲ ಎಂದು ಅರ್ಥ. ಆಗ "ಇಂಥ ರೋಗ ಇರಬಹುದೆಂದು ವೈದ್ಯರ ಸಂಶಯ" ಎಂದೇ ಬರೆಯಬೇಕು. ಡೆಂಗಿ ಸಂಶಯ ಎಂದಿದ್ದನ್ನು "ಡೆಂಗಿ ಆಗಿದೆ" ಎಂದು ಬರೆದರೆ ಊರೆಲ್ಲ ಸುಳ್ಳೇ ಗಾಬರಿ. ನಮ್ಮ ಚೀಟಿಯಲ್ಲಿ ಆ ಚಿಹ್ನೆ ಇರಲಿಲ್ಲ.

"ರೆಸ್ಟ್ ಫಾರ್ ಸೆವೆನ್ ಡೇಸ್ ಫ್ರಮ್ 04-02-2025" ಎಂದರೆ 4ನೇ ತಾರೀಖಿನಿಂದ ಏಳು ದಿನ ವಿಶ್ರಾಂತಿ. ಎಣಿಕೆಯಲ್ಲಿ ಬಹಳ ಜನ ತಪ್ಪುವುದು ಇಲ್ಲಿಯೇ. ನಾಲ್ಕಕ್ಕೆ ಏಳು ಕೂಡಿಸಿ 11ರವರೆಗೆ ರಜೆ ಎನ್ನುತ್ತಾರೆ. ಬೆರಳು ಮಡಿಸಿ ಎಣಿಸಿ: 4, 5, 6, 7, 8, 9, 10. ಮೊದಲ ದಿನವೂ ಲೆಕ್ಕಕ್ಕೆ ಬರುತ್ತದೆ, ನಡುವಿನ ಭಾನುವಾರವೂ ಬರುತ್ತದೆ. ಆದ್ದರಿಂದ ವಿಶ್ರಾಂತಿ 10ಕ್ಕೆ ಮುಗಿಯುತ್ತದೆ.

"ಟಿಲ್ ಆಲ್ ಲೀಜನ್ಸ್ ಆರ್ ಕ್ರಸ್ಟೆಡ್" ಎಂದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಸಾಲಿಗೆ ಕಳಿಸಬಾರದು. ಇದು ತಾರೀಖಿಗಿಂತ ಮುಖ್ಯವಾದ ಮಾತು. ಈ ಜಡ್ಡಿನಲ್ಲಿ ಗುಳ್ಳೆಗಳು ಒಮ್ಮೆಲೇ ಏಳುವುದಿಲ್ಲ, ಕೆಲವು ದಿನ ಹೊಸವು ಏಳುತ್ತಲೇ ಇರುತ್ತವೆ. 10ನೇ ತಾರೀಖಿಗೆ ಒಂದೆರಡು ಹಸಿ ಗುಳ್ಳೆ ಉಳಿದಿದ್ದರೂ ಮಗು ಮನೆಯಲ್ಲೇ ಇರಬೇಕು.

"ರಿವ್ಯೂ ಆಫ್ಟರ್ ತ್ರೀ ಡೇಸ್" ಎಂದರೆ ಮೂರು ದಿನ ಬಿಟ್ಟು ಮತ್ತೆ ದವಾಖಾನೆಗೆ ತೋರಿಸಿ ಎಂದು. "ಮೂರು ದಿವ್ಸ ಆದಮ್ಯಾಲೆ ಸಾಲಿಗೆ ಕಳಸ್ರಿ" ಎಂದು ತಿಳಿದರೆ, ಜಡ್ಡು ಹರಡುವ ವೇಳೆಯಲ್ಲೇ ಮಗುವನ್ನು ತರಗತಿಯಲ್ಲಿ ಕೂರಿಸಿದಂತಾಗುತ್ತದೆ.

ಜಡ್ಡಿನ ಹೆಸರನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು?

ಇದು ಈ ಪಾಠದ ಕಷ್ಟದ ಜಾಗ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಏನೇ ಎದ್ದರೂ "ಅಮ್ಮ ಬಂದಾಳ" ಎನ್ನುತ್ತೇವೆ. ಮನೆಯಲ್ಲಿ ಹಾಗೆ ಅನ್ನಲು ಅಡ್ಡಿಯಿಲ್ಲ. ಆದರೆ ಆ ಒಂದು ಮಾತಿನೊಳಗೆ ಬೇರೆ ಬೇರೆ ಜಡ್ಡು ಸೇರಿಕೊಂಡಿವೆ, ಟೀಚರಿಗೆ ಯಾವುದೆಂದು ತಿಳಿಯುವುದಿಲ್ಲ.

ಕೆಲವರು "ಸಿಡುಬು" ಎಂದಷ್ಟೇ ಬರೆಯುತ್ತಾರೆ. ಬರೇ ಸಿಡುಬು ಎಂದರೆ ಹಿಂದಿನ ಕಾಲದ ಮೈಲಿ ಬೇನೆ. ನಮ್ಮ ದೇಶದಲ್ಲಿ ಅದು ಕೊನೆಯದಾಗಿ ಕಂಡದ್ದು 1975ರಲ್ಲಿ. ಇಡೀ ಜಗತ್ತಿನಿಂದ ಅಳಿದಿದೆ ಎಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಜಡ್ಡು ಈಗಿಲ್ಲ. ಇನ್ನು ಕೆಲವರು "ದಡಾರ" ಎಂದು ಬರೆಯುತ್ತಾರೆ. ಅದೂ ಬೇರೆ. ದಡಾರಕ್ಕೆ ಇಂಗ್ಲಿಷಿನಲ್ಲಿ ಮೀಸಲ್ಸ್ ಎನ್ನುತ್ತಾರೆ. ಅದರಲ್ಲಿ ಜ್ವರದ ಜೊತೆಗೆ ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು ಇರುತ್ತದೆ, ಮೈಮೇಲೆ ಕೆಂಪು ದದ್ದು ಏಳುತ್ತದೆ, ನೀರು ತುಂಬಿದ ಗುಳ್ಳೆ ಅಲ್ಲ. ಅದಕ್ಕೆ ಸರ್ಕಾರಿ ಲಸಿಕೆ ಇದೆ. ದಡಾರ ಎಂದು ತಪ್ಪಾಗಿ ಬರೆದರೆ ಆರೋಗ್ಯ ಕಾರ್ಯಕರ್ತೆಯರು ಇಲ್ಲದ ಜಡ್ಡು ಹುಡುಕಿಕೊಂಡು ಓಡಾಡಬೇಕಾಗುತ್ತದೆ.

ಚಿಕನ್ ಪಾಕ್ಸ್‌ಗೆ ಕನ್ನಡದಲ್ಲಿ "ಸೀತಾಳೆ ಸಿಡುಬು" ಎನ್ನುತ್ತಾರೆ. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ: "ಚಿಕನ್ ಪಾಕ್ಸ್, ಅಂದರೆ ಸೀತಾಳೆ ಸಿಡುಬು." ಕನ್ನಡ ಹೆಸರು ಗೊತ್ತಿಲ್ಲದ ಜಡ್ಡಾದರೆ ಊಹೆ ಮಾಡಿ ಬರೆಯಬೇಡಿ. ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು.

"ಜ್ವರ ಅಂತ ಅಷ್ಟೇ ಬರದ್ರ ಆಗೂದಿಲ್ಲೇನ್ರಿ? ಹೆಸರು ಹೇಳಿದ್ರ ಹುಡುಗೀನ ದೂರ ಇಡ್ತಾರ" ಎಂದು ಕೆಲವು ತಾಯಂದಿರು ಕೇಳಬಹುದು. ಅವರ ಅಂಜಿಕೆ ಸುಳ್ಳಲ್ಲ. ಆದರೂ ಈ ಜಡ್ಡಿನ ಹೆಸರು ಮುಚ್ಚಿಡಬಾರದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ. ನಮ್ಮ ಹುಡುಗಿ 1ನೇ ತಾರೀಖು ಶನಿವಾರ ತರಗತಿಯಲ್ಲಿ ಕೂತಿದ್ದಳಲ್ಲ, ಆವತ್ತೇ ಬೇರೆ ಮಕ್ಕಳಿಗೆ ತಗಲಿರಬಹುದು. ತಗಲಿದ ಮೇಲೆ ಗುಳ್ಳೆ ಕಾಣಲು 10ರಿಂದ 21 ದಿನ ಬೇಕು. ಅಂದರೆ ಫೆಬ್ರುವರಿ 11ರಿಂದ 22ರವರೆಗೆ ಆ ತರಗತಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಟೀಚರು ಮೈ ನೋಡಿ ಮನೆಗೆ ಕಳಿಸಬಹುದು. ಗರ್ಭಿಣಿ ಟೀಚರೊಬ್ಬರು ಇದ್ದು, ಅವರಿಗೆ ಹಿಂದೆ ಈ ಜಡ್ಡು ಬಂದಿರದಿದ್ದರೆ, ಅವರು ತಡಮಾಡದೆ ಡಾಕ್ಟರನ್ನು ಕೇಳಬೇಕು. "ಜ್ವರ" ಎಂದಷ್ಟೇ ಬರೆದರೆ ಇದಾವುದೂ ಅವರಿಗೆ ತಿಳಿಯುವುದಿಲ್ಲ. ಮಗಳ ಮರ್ಯಾದೆಗೂ ದಾರಿ ಇದೆ. ಹೆಸರನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಬಾರದೆಂದು ಅರ್ಜಿಯಲ್ಲೇ ಕೇಳಿಕೊಳ್ಳಬಹುದು.

ಅರ್ಜಿಯ ಮಾದರಿ

ದಿನಾಂಕ: 05-02-2025

ಇವರಿಂದ,
(ತಾಯಿಯ ಹೆಸರು, ಊರು, ತಾಲೂಕು ಕುಂದಗೋಳ)

ಇವರಿಗೆ,
ತರಗತಿ ಶಿಕ್ಷಕಿಯರು, 4ನೇ ತರಗತಿ
(ಶಾಲೆಯ ಹೆಸರು, ಊರು)

ಮಾನ್ಯರೇ,

ವಿಷಯ: ಮಗಳ ಅನಾರೋಗ್ಯದ ಸಲುವಾಗಿ ರಜೆ ಕೋರಿ.

ನನ್ನ ಮಗಳು (ಹೆಸರು) ತಮ್ಮ ತರಗತಿಯಲ್ಲಿ ಓದುತ್ತಿದ್ದಾಳೆ. ಜ್ವರ ಮತ್ತು ಗುಳ್ಳೆಯ ಕಾರಣ 03-02-2025ರಂದು ಶಾಲೆಗೆ ಬರಲಿಲ್ಲ. 04-02-2025ರಂದು ವೈದ್ಯರಿಗೆ ತೋರಿಸಿದೆವು. ವೈದ್ಯರು ಚೀಟಿಯಲ್ಲಿ ಬರೆದಿರುವುದರ ಕನ್ನಡ ಅರ್ಥ ಹೀಗಿದೆ:

"ಎರಡು ದಿನದಿಂದ ಜ್ವರ, ಒಂದು ದಿನದಿಂದ ಗುಳ್ಳೆ. ರೋಗ: ಚಿಕನ್ ಪಾಕ್ಸ್, ಅಂದರೆ ಸೀತಾಳೆ ಸಿಡುಬು. 04-02-2025ರಿಂದ ಏಳು ದಿನ ವಿಶ್ರಾಂತಿ ಬೇಕು. ಎಲ್ಲ ಗುಳ್ಳೆಗಳು ಹಕ್ಕಳೆ ಕಟ್ಟುವವರೆಗೆ ಶಾಲೆಗೆ ಹೋಗಬಾರದು. ಮೂರು ದಿನದ ನಂತರ ಮತ್ತೆ ತೋರಿಸಬೇಕು."

ಆದ್ದರಿಂದ 03-02-2025ರಿಂದ 10-02-2025ರವರೆಗೆ ರಜೆ ಕೊಡಬೇಕೆಂದು ಕೋರುತ್ತೇನೆ. ಅಷ್ಟರೊಳಗೆ ಗುಳ್ಳೆ ಒಣಗದಿದ್ದರೆ ಮತ್ತೆ ತಿಳಿಸುತ್ತೇನೆ. ರೋಗದ ಹೆಸರನ್ನು ಮಕ್ಕಳ ಮುಂದೆ ಹೇಳಬಾರದೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ ಅಥವಾ ಹೆಬ್ಬೆಟ್ಟು)

ಲಗತ್ತು: ವೈದ್ಯರ ಚೀಟಿಯ ಝೆರಾಕ್ಸ್ ಪ್ರತಿ.

ಈ ಅರ್ಜಿಯಲ್ಲಿ ಗಮನಿಸಬೇಕಾದದ್ದು

ಡಾಕ್ಟರ ಮಾತು ಮತ್ತು ತಾಯಿಯ ಮಾತು ಬೇರೆ ಬೇರೆಯಾಗಿ ನಿಂತಿವೆ. ಡಾಕ್ಟರು ಹೇಳಿದ್ದಷ್ಟೇ ಗುರುತಿನ ಒಳಗೆ ಇದೆ. 3ನೇ ತಾರೀಖು ಡಾಕ್ಟರ ಚೀಟಿಯಲ್ಲಿ ಇಲ್ಲ, ಏಕೆಂದರೆ ಅವರು ಮಗುವನ್ನು ನೋಡಿದ್ದೇ 4ಕ್ಕೆ. ಆದ್ದರಿಂದ ಆ ಒಂದು ದಿನವನ್ನು ತಾಯಿ ತನ್ನ ಮಾತಿನಲ್ಲಿ ಕೇಳಿದ್ದಾಳೆ. ಹಾಗಲ್ಲದೆ "ಡಾಕ್ಟರು 3ರಿಂದ ರಜೆ ಹೇಳಿದ್ದಾರೆ" ಎಂದು ಬರೆದಿದ್ದರೆ, ಝೆರಾಕ್ಸ್ ಜೊತೆ ಹೋಲಿಸಿ ನೋಡಿದ ಟೀಚರಿಗೆ ಉಳಿದ ಮಾತಿನ ಮೇಲೂ ಸಂಶಯ ಬರುತ್ತಿತ್ತು. ಮನೆಯಲ್ಲಿ ಮದುವೆ ಇದೆ, ಸುಗ್ಗಿ ಇದೆ ಎಂದು ಎರಡು ದಿನ ಹೆಚ್ಚು ಬೇಕಾದರೂ ಅದನ್ನು ಡಾಕ್ಟರ ಹೆಸರಿನಲ್ಲಿ ಸೇರಿಸಬೇಡಿ, ಬೇರೆಯಾಗಿ ಕೇಳಿ.

ಮೂಲ ಚೀಟಿ ಮನೆಯಲ್ಲೇ ಇರಲಿ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಅದನ್ನೇ ಕೇಳುತ್ತಾರೆ. ಅರ್ಜಿಯನ್ನು ಅದೇ ತರಗತಿಯ ಮಗುವಿನ ಕೈಯಲ್ಲಿ ತೆರೆದ ಹಾಳೆಯಾಗಿ ಕಳಿಸುವುದು ಬೇಡ. ದೊಡ್ಡವರು ಯಾರಾದರೂ ಹೋಗಿ ಕೊಡಲಿ, ಇಲ್ಲವೇ ಲಕೋಟೆಯಲ್ಲಿ ಹಾಕಿ ಅಂಟಿಸಿ.

ಮುಂದಿನ ಸಭೆಗೆ ಅಭ್ಯಾಸ

ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಹಳೆಯ ಡಾಕ್ಟರ ಚೀಟಿ ತನ್ನಿರಿ. ಇಂಗ್ಲಿಷ್ ಬಲ್ಲವರಿಂದ ಓದಿಸಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮೂರು ಪ್ರಶ್ನೆಗೆ ಉತ್ತರ ಹುಡುಕಿ: ಜಡ್ಡಿನ ಹೆಸರು ಖಾತ್ರಿಯೋ, ಸಂಶಯವೋ? ವಿಶ್ರಾಂತಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ? ಮತ್ತೆ ದವಾಖಾನೆಗೆ ಹೋಗುವುದು ಯಾವತ್ತು? ಆಮೇಲೆ ಮೇಲಿನ ಮಾದರಿಯಂತೆ ಒಂದು ಅರ್ಜಿ ಬರೆಯಿರಿ. ಬರೆಯಲು ಬಾರದವರು ಹೇಳಲಿ, ಪಕ್ಕದವರು ಬರೆಯಲಿ, ಬರೆದದ್ದನ್ನು ಹೇಳಿದವರಿಗೆ ಒಮ್ಮೆ ಓದಿ ತೋರಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿರಿ.